ಬಾಂಡ್ ಮುಗಿಯುವ ಮೊದಲೇ ಕೆಲಸ ಬಿಟ್ಟರೆ ಜೈಲಾ? ಹಣ ಕಟ್ಟುವುದು ಹೇಗೆ, ರಾಜೀನಾಮೆ ಪತ್ರದಲ್ಲಿ ಏನು ಬರೆಯಬೇಕು?

ವಾಟ್ಸ್ಆ್ಯಪ್‌ನಲ್ಲಿ ಎರಡು ಬಗೆಯ ಸಂದೇಶಗಳು ಓಡಾಡುತ್ತವೆ. ಮೊದಲನೆಯದು: "ಸುಪ್ರೀಂ ಕೋರ್ಟ್ ಬಾಂಡ್ ಸರಿ ಎಂದಿದೆ. ಇನ್ನು ಮಧ್ಯದಲ್ಲಿ ಕೆಲಸ ಬಿಟ್ಟರೆ ಪೂರ್ತಿ ಹಣ ಕಟ್ಟಲೇಬೇಕು, ಇಲ್ಲದಿದ್ದರೆ ಜೈಲು." ಎರಡನೆಯದು ಇದಕ್ಕೆ ತದ್ವಿರುದ್ಧ: "ಬಾಂಡ್ ಎಂಬುದೇ ಕಾನೂನುಬಾಹಿರ. ಹೇಳದೆ ಕೇಳದೆ ಬಿಟ್ಟು ಬನ್ನಿ, ಯಾರೂ ಏನೂ ಮಾಡಲಾರರು."

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯಿಂದ ಮೈಸೂರಿನ ಕಾರ್ಖಾನೆಗಳಿಗೆ, ಬೆಂಗಳೂರಿನ ಕಂಪನಿಗಳಿಗೆ, ಬ್ಯಾಂಕ್ ಕೆಲಸಕ್ಕೆ ಹೋಗುವ ಹುಡುಗ ಹುಡುಗಿಯರು ಸೇರುವ ದಿನವೇ ಸ್ಟಾಂಪ್ ಪೇಪರ್ ಮೇಲೆ ಸಹಿ ಹಾಕಬೇಕಾಗುವುದು ಉಂಟು. ಎಷ್ಟೋ ಸಲ ಜಾಮೀನುದಾರರ ಜಾಗದಲ್ಲಿ ಅಪ್ಪನ ಸಹಿಯೂ ಇರುತ್ತದೆ. ಆದ್ದರಿಂದ ಮೊದಲ ಸಂದೇಶ ಮನೆ ತಲುಪಿದರೆ ಭಯವಾಗುವುದು ಕೆಲಸ ಬಿಡುವವರಿಗೆ ಮಾತ್ರವಲ್ಲ. "ಹೊಗೆಸೊಪ್ಪಿನ ದುಡ್ಡು ಬಂದ ಮೇಲೆ ಕಟ್ಟೋಣ, ಆಗದಿದ್ದರೆ ಒಡವೆ ಇಡೋಣ" ಎಂದು ಮನೆಯಲ್ಲಿ ಲೆಕ್ಕ ಶುರುವಾಗುತ್ತದೆ.

ಎರಡೂ ಸಂದೇಶಗಳು ತಪ್ಪು. ನಿಜ ಏನು, ಹಣ ಕಟ್ಟುವುದಾದರೆ ಎಷ್ಟು, ಪತ್ರದಲ್ಲಿ ಯಾವ ಮಾತು ಇರಬೇಕು, ಯಾವುದು ಇರಬಾರದು ಎಂಬುದನ್ನು ನೋಡೋಣ.

ಸುಪ್ರೀಂ ಕೋರ್ಟ್ ನಿಜವಾಗಿ ಹೇಳಿದ್ದೇನು?

ಮೊದಲ ಸಂದೇಶದ ಹಿಂದಿರುವುದು ನಮ್ಮ ಕರ್ನಾಟಕದ್ದೇ ಪ್ರಕರಣ. ವಿಜಯಾ ಬ್ಯಾಂಕ್ 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, ಬೆಂಗಳೂರನ್ನು ಕೇಂದ್ರ ಮಾಡಿಕೊಂಡಿದ್ದ ಬ್ಯಾಂಕ್. 2019ರ ಏಪ್ರಿಲ್ 1ರಂದು ಅದು ಬ್ಯಾಂಕ್ ಆಫ್ ಬರೋಡಾ ಜೊತೆ ವಿಲೀನವಾಯಿತು. 2006ರಲ್ಲಿ ಈ ಬ್ಯಾಂಕ್ 349 ಅಧಿಕಾರಿ ಹುದ್ದೆಗಳಿಗೆ ಅರ್ಜಿ ಕರೆದಾಗ ಒಂದು ಷರತ್ತು ಹಾಕಿತ್ತು: ಆಯ್ಕೆಯಾದವರು ಕನಿಷ್ಠ 3 ವರ್ಷ ಕೆಲಸ ಮಾಡಬೇಕು, ಮೊದಲೇ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕು.

2007ರ ಸೆಪ್ಟೆಂಬರ್‌ನಲ್ಲಿ ಸೀನಿಯರ್ ಮ್ಯಾನೇಜರ್ ಆಗಿ ಸೇರಿದ ಒಬ್ಬ ಅಧಿಕಾರಿ 2009ರ ಜುಲೈನಲ್ಲಿ ರಾಜೀನಾಮೆ ಕೊಟ್ಟರು. ಅವರಿಗೆ ಇನ್ನೊಂದು ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತ್ತು. 3 ವರ್ಷ ಆಗಿರಲಿಲ್ಲ. ಅಕ್ಟೋಬರ್‌ನಲ್ಲಿ ಅವರು 2 ಲಕ್ಷವನ್ನೂ ಕಟ್ಟಿದರು. ಆದರೆ "ಆಕ್ಷೇಪಣೆ ಇಟ್ಟುಕೊಂಡು ಕಟ್ಟುತ್ತಿದ್ದೇನೆ" ಎಂದು ಹೇಳಿ ಕಟ್ಟಿದರು. ಇಂಗ್ಲಿಷ್ ಪತ್ರಗಳಲ್ಲಿ ಇದನ್ನೇ 'ಅಂಡರ್ ಪ್ರೊಟೆಸ್ಟ್' ಎನ್ನುತ್ತಾರೆ. ಆಮೇಲೆ ಆ ಷರತ್ತೇ ಸರಿಯಿಲ್ಲ ಎಂದು ಹೈಕೋರ್ಟ್‌ಗೆ ಹೋದರು.

ಕರ್ನಾಟಕ ಹೈಕೋರ್ಟ್‌ನಲ್ಲಿ ಏಕಸದಸ್ಯ ಪೀಠ, ವಿಭಾಗೀಯ ಪೀಠ ಎರಡೂ ಕಡೆ ಅವರು ಗೆದ್ದರು. ಬ್ಯಾಂಕ್ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. 2025ರ ಮೇ 14ರಂದು ನ್ಯಾಯಮೂರ್ತಿ ಪಿ.ಎಸ್. ನರಸಿಂಹ ಮತ್ತು ನ್ಯಾಯಮೂರ್ತಿ ಜಾಯ್‌ಮಾಲ್ಯ ಬಾಗ್ಚಿ ಅವರ ಪೀಠ ಹೈಕೋರ್ಟ್ ತೀರ್ಪುಗಳನ್ನು ಬದಿಗಿಟ್ಟು ಬ್ಯಾಂಕಿನ ಪರ ತೀರ್ಪು ಕೊಟ್ಟಿತು. ಸಂದೇಶಗಳಲ್ಲಿ ಇಷ್ಟೇ ಬರುತ್ತದೆ. ಕೋರ್ಟ್ ಕೊಟ್ಟ ಕಾರಣಗಳು ಬಿಟ್ಟುಹೋಗುತ್ತವೆ.

ಕಾರಣ ಮುಖ್ಯವಾಗಿ ಮೂರು. ಒಂದು, ಈ ಷರತ್ತು ಕೆಲಸ ಬಿಟ್ಟ ಮೇಲೆ ಬೇರೆಡೆ ದುಡಿಯಬಾರದು ಎಂದು ತಡೆಯುವುದಿಲ್ಲ, ಕೆಲಸದಲ್ಲಿರುವ ಅವಧಿಗಷ್ಟೇ ಅನ್ವಯಿಸುತ್ತದೆ. ಎರಡು, ಸರ್ಕಾರಿ ಬ್ಯಾಂಕ್ ತನಗೆ ಬೇಕಾದವರನ್ನು ಸುಮ್ಮನೆ ಕರೆದು ಕೂರಿಸಲು ಆಗುವುದಿಲ್ಲ. ಜಾಹೀರಾತು, ಸ್ಪರ್ಧೆ, ಆಯ್ಕೆ ಎಂದು ದೀರ್ಘವಾದ, ಖರ್ಚಿನ ಪ್ರಕ್ರಿಯೆ ನಡೆಸಬೇಕು. ಒಬ್ಬರು ಮಧ್ಯದಲ್ಲಿ ಹೋದರೆ ಅದೆಲ್ಲ ಮತ್ತೆ ಮಾಡಬೇಕು. ಮೂರು, ಸೀನಿಯರ್ ಮ್ಯಾನೇಜರ್ ಹುದ್ದೆಯ ಸಂಬಳ ನೋಡಿದರೆ 2 ಲಕ್ಷ ಎಂಬುದು ರಾಜೀನಾಮೆಯನ್ನೇ ಅಸಾಧ್ಯ ಮಾಡುವಷ್ಟು ದೊಡ್ಡ ಮೊತ್ತ ಅಲ್ಲ.

ಎರಡನೇ ಮತ್ತು ಮೂರನೇ ಕಾರಣವನ್ನು ಇನ್ನೊಮ್ಮೆ ಓದಿ. ತಿಂಗಳಿಗೆ 18 ಸಾವಿರ ಸಂಬಳದ ಟ್ರೈನಿಗೆ ಒಂದು ಖಾಸಗಿ ಕಂಪನಿ 3 ಲಕ್ಷದ ಬಾಂಡ್ ಬರೆಸಿಕೊಂಡರೆ ಈ ಕಾರಣಗಳು ಅಲ್ಲಿಗೆ ಹಾಗೇ ಹೊಂದುವುದಿಲ್ಲ. ತೀರ್ಪು 'ಎಲ್ಲ ಬಾಂಡ್ ಸರಿ' ಎಂದು ಹೇಳಿಲ್ಲ.

ಖಾಸಗಿ ಕಂಪನಿಯಾದರೆ ಲೆಕ್ಕ ಹೇಗೆ?

ಇಲ್ಲಿ ನೆರವಿಗೆ ಬರುವುದು 1872ರ ಭಾರತೀಯ ಒಪ್ಪಂದ ಕಾಯ್ದೆಯ 74ನೇ ಸೆಕ್ಷನ್. ಒಪ್ಪಂದದಲ್ಲಿ ಮೊದಲೇ ಒಂದು ಮೊತ್ತ ಬರೆದಿದ್ದರೆ ಅದು ಗರಿಷ್ಠ ಮಿತಿ ಎಂದು ಈ ಸೆಕ್ಷನ್ ಹೇಳುತ್ತದೆ. ಆ ಮಿತಿಯೊಳಗೆ 'ನ್ಯಾಯಯುತ ಪರಿಹಾರ' ಎಷ್ಟೋ ಅಷ್ಟನ್ನು ಕೋರ್ಟ್ ಕೊಡಿಸುತ್ತದೆ. ಬಾಂಡ್‌ನಲ್ಲಿ 2 ಲಕ್ಷ ಎಂದಿದ್ದ ಮಾತ್ರಕ್ಕೆ 2 ಲಕ್ಷವೂ ಸಿಗಬೇಕೆಂದಿಲ್ಲ.

ದೆಹಲಿ ಹೈಕೋರ್ಟ್ 2011ರಲ್ಲಿ ತೀರ್ಮಾನಿಸಿದ ಸಿಕ್ಪಾ ಇಂಡಿಯಾ ಎಂಬ ಖಾಸಗಿ ಕಂಪನಿಯ ಪ್ರಕರಣ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲೂ ಬಾಂಡ್ 3 ವರ್ಷಕ್ಕೆ, ಮೊತ್ತ 2 ಲಕ್ಷ. ನೌಕರ 2 ವರ್ಷ ದುಡಿದು ಬಿಟ್ಟಿದ್ದರು. ಅವರ ತರಬೇತಿಗೆ ಕಂಪನಿ ಮಾಡಿದ್ದ ಖರ್ಚು 67,595 ರೂಪಾಯಿ. ಮೂರರಲ್ಲಿ ಎರಡು ಪಾಲು ಅವಧಿ ಮುಗಿದಿದ್ದರಿಂದ ಉಳಿದ ಒಂದು ಪಾಲು, ಅಂದರೆ ಸುಮಾರು 22,500 ರೂಪಾಯಿ ಮಾತ್ರ ಕೊಡಬೇಕು ಎಂದು ಲೆಕ್ಕ ಹಾಕಲಾಯಿತು.

ಎರಡು ಪ್ರಕರಣಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ಬಾಂಡ್ 3 ವರ್ಷ, 2 ಲಕ್ಷ. ಸರ್ಕಾರಿ ಬ್ಯಾಂಕಿಗೆ ಪೂರ್ತಿ ಹಣ ಉಳಿಯಿತು, ಖಾಸಗಿ ಕಂಪನಿಗೆ ಅದರ ಒಂಬತ್ತನೇ ಒಂದು ಪಾಲು ಸಿಕ್ಕಿತು. ಹಾಗಾಗಿ ಬಾಂಡ್ ಯಾರದ್ದು, ಮೊತ್ತ ಸಂಬಳಕ್ಕೆ ತಕ್ಕುದೇ, ಕಂಪನಿ ನಿಜಕ್ಕೂ ಏನು ಖರ್ಚು ಮಾಡಿದೆ, ನೀವು ಎಷ್ಟು ಅವಧಿ ಮುಗಿಸಿದ್ದೀರಿ ಎಂಬ ನಾಲ್ಕು ಪ್ರಶ್ನೆ ಕೇಳದೆ ಯಾವ ಸಂದೇಶವನ್ನೂ ನಂಬಬೇಡಿ.

ಜೈಲು, ಜಮೀನು ಜಪ್ತಿ: ಎಷ್ಟು ನಿಜ?

ಬಾಂಡ್ ಮುರಿಯುವುದು ಅಪರಾಧವಲ್ಲ, ಸಿವಿಲ್ ವಿಷಯ. ಕಂಪನಿ ಪೊಲೀಸರ ಬಳಿ ಹೋಗಿ ನಿಮ್ಮನ್ನು ಬಂಧಿಸಲು ಆಗುವುದಿಲ್ಲ. ಬಲವಂತವಾಗಿ ಕೆಲಸದಲ್ಲಿ ಇರಿಸಿಕೊಳ್ಳಲೂ ಆಗದು. ಅವರು ಮಾಡಬಹುದಾದದ್ದು ಹಣಕ್ಕಾಗಿ ದಾವೆ ಹೂಡುವುದು.

ಅಪ್ಪ ಜಾಮೀನು ಹಾಕಿದ್ದರೆ ನಿಮ್ಮಷ್ಟೇ ಹೊಣೆ ಅವರಿಗೂ ಇರುತ್ತದೆ, ಇದು ನಿಜ. ಆದರೆ ಕಂಪನಿ ನೋಟಿಸ್ ಕಳಿಸಿದ ಮಾತ್ರಕ್ಕೆ ಜಮೀನು ಜಪ್ತಿ ಆಗುವುದಿಲ್ಲ. ದಾವೆ ಹೂಡಬೇಕು, ನಿಮ್ಮ ಮತ್ತು ಜಾಮೀನುದಾರರ ಮಾತು ಕೇಳಬೇಕು, ನ್ಯಾಯಾಲಯ ಮೊತ್ತ ನಿಗದಿ ಮಾಡಿ ಡಿಕ್ರಿ ಕೊಡಬೇಕು, ಅದನ್ನೂ ಕಟ್ಟದಿದ್ದರೆ ಆಮೇಲೆ ವಸೂಲಿ. ಕೋರ್ಟಿನಿಂದ ಸಮನ್ಸ್ ಬಂದರೆ ಮಾತ್ರ ಸುಮ್ಮನೆ ಕೂರಬೇಡಿ. ಹಾಜರಾಗದಿದ್ದರೆ ಕಂಪನಿ ಹೇಳಿದ ಲೆಕ್ಕವೇ ನಿಲ್ಲುವ ಸಾಧ್ಯತೆ ಇದೆ.

ನಿಜವಾಗಿ ಎಚ್ಚರ ಬೇಕಾದ್ದು ಬೇರೆ ಕಡೆ. ಬಾಂಡ್ ಜೊತೆಗೆ ಸಹಿ ಹಾಕಿದ ಖಾಲಿ ಚೆಕ್ ಕೊಟ್ಟಿದ್ದೀರಾ? ಕಂಪನಿ ಅದಕ್ಕೆ ಮೊತ್ತ ತುಂಬಿ ಬ್ಯಾಂಕಿಗೆ ಹಾಕಿ, ಹಣವಿಲ್ಲದೆ ಅದು ವಾಪಸಾದರೆ, ಚೆಕ್ ಬೌನ್ಸ್ ಎಂದು 138ನೇ ಸೆಕ್ಷನ್ ಅಡಿ ಕ್ರಿಮಿನಲ್ ದೂರು ಹೂಡಬಹುದು. ಅಷ್ಟು ಸಾಲ ನಾನು ಕೊಡಬೇಕಿರಲಿಲ್ಲ ಎಂದು ಅಲ್ಲಿ ವಾದಿಸಬಹುದು, ಆದರೆ ಅಲೆದಾಟ ತಪ್ಪದು. ಚೆಕ್ ವಾಪಸಾದ ಬಗ್ಗೆ ನೋಟಿಸ್ ಕೈಸೇರಿದರೆ ಹಣ ಕೊಡಲು 15 ದಿನ ಸಮಯ ಇರುತ್ತದೆ. ಅಷ್ಟರೊಳಗೆ ವಕೀಲರನ್ನು ಕಾಣಿ. ರಾಜೀನಾಮೆ ಕೊಡುವ ಮೊದಲೇ ಆ ಚೆಕ್ ನಂಬರ್ ಹುಡುಕಿ ಬರೆದಿಟ್ಟುಕೊಳ್ಳಿ.

ಒಂದು ಲೆಕ್ಕ ಮಾಡಿ ನೋಡೋಣ

ಇದು ವಿಷಯ ಅರ್ಥವಾಗಲೆಂದು ನಾವು ಕಟ್ಟಿದ ಉದಾಹರಣೆ. ಪಿರಿಯಾಪಟ್ಟಣ ಕಡೆಯ ಹುಡುಗನೊಬ್ಬ ಡಿಪ್ಲೊಮಾ ಮುಗಿಸಿ ಮೈಸೂರಿನ ಖಾಸಗಿ ಕಾರ್ಖಾನೆಯಲ್ಲಿ 2024ರ ಜುಲೈ 1ರಂದು ಟ್ರೈನಿ ಇಂಜಿನಿಯರ್ ಆಗಿ ಸೇರುತ್ತಾನೆ. ಬಾಂಡ್ 2 ವರ್ಷ, ಮೊತ್ತ 1,50,000. ನೋಟಿಸ್ ಅವಧಿ ಒಂದು ತಿಂಗಳು. 2025ರ ಅಕ್ಟೋಬರ್ 1ರಂದು ರಾಜೀನಾಮೆ ಕೊಟ್ಟು, ಅಕ್ಟೋಬರ್ 31ಕ್ಕೆ ಕೊನೆಯ ದಿನ ಎನ್ನುತ್ತಾನೆ. ಅಲ್ಲಿಗೆ 24 ತಿಂಗಳಲ್ಲಿ 16 ಮುಗಿದು, 8 ಉಳಿದಿವೆ.

ಎಚ್‌ಆರ್ ಕೊಡುವ ಲೆಕ್ಕ: ಬಾಂಡ್ 1,50,000, ಅದರ ಮೇಲೆ ಶೇ 18 ಜಿಎಸ್‌ಟಿ 27,000, ಒಟ್ಟು 1,77,000 ರೂಪಾಯಿ.

ಮೊದಲು ಜಿಎಸ್‌ಟಿ ತೆಗೆಯಿರಿ. ಕೇಂದ್ರದ ಪರೋಕ್ಷ ತೆರಿಗೆ ಮಂಡಳಿ 2022ರ ಆಗಸ್ಟ್ 3ರಂದು ಹೊರಡಿಸಿದ 178/10/2022 ಸಂಖ್ಯೆಯ ಸುತ್ತೋಲೆ ಇದನ್ನು ಸ್ಪಷ್ಟವಾಗಿ ಹೇಳಿದೆ. ಒಪ್ಪಿದ ಅವಧಿಗೆ ಮೊದಲೇ ಕೆಲಸ ಬಿಟ್ಟಾಗ ನೌಕರ ಕಟ್ಟುವ ಬಾಂಡ್ ಹಣ ಯಾವುದೇ ಸೇವೆಗೆ ಕೊಟ್ಟ ಬೆಲೆಯಲ್ಲ, ಹಾಗಾಗಿ ಅದಕ್ಕೆ ಜಿಎಸ್‌ಟಿ ಇಲ್ಲ. ಸುತ್ತೋಲೆಯ ಸಂಖ್ಯೆ ಹಾಕಿ ಒಂದು ಇಮೇಲ್ ಬರೆದರೆ 27,000 ಕೇಳಲು ಅವರಿಗೆ ಆಧಾರ ಉಳಿಯುವುದಿಲ್ಲ.

ಆಮೇಲೆ ಉಳಿದ ಅವಧಿಯ ಪಾಲು. 24ರಲ್ಲಿ 8 ಎಂದರೆ ಮೂರನೇ ಒಂದು. ಬಾಂಡ್ ಮೊತ್ತದ ಮೂರನೇ ಒಂದು 50,000. ತರಬೇತಿಗೆ ಕಂಪನಿ ನಿಜವಾಗಿ 60,000 ಖರ್ಚು ಮಾಡಿದ್ದಕ್ಕೆ ದಾಖಲೆ ಇದ್ದರೆ, ಅದರ ಮೂರನೇ ಒಂದು 20,000. ತರಬೇತಿ ಎಂದರೆ ಹೊರಗಿನ ಸಂಸ್ಥೆಗೆ ಕಟ್ಟಿದ ಶುಲ್ಕ, ಪ್ರಯಾಣ, ವಸತಿಯಂಥ ಖರ್ಚು. ಹಿರಿಯ ಕೆಲಸಗಾರರ ಪಕ್ಕ ನಿಂತು ಮಾಮೂಲಿ ಕೆಲಸ ಕಲಿತದ್ದನ್ನು 'ತರಬೇತಿ ವೆಚ್ಚ' ಎಂದು ತೋರಿಸಿದರೆ ಅದರ ಬಿಲ್ ಕೇಳಿ.

ಹೀಗೆ 1,77,000ದಿಂದ ಶುರುವಾದ ಮಾತುಕತೆಗೆ 20,000ದಿಂದ 50,000ದ ನಡುವೆ ಒಂದು ನ್ಯಾಯವಾದ ನೆಲೆ ಸಿಗುತ್ತದೆ. ಕಂಪನಿ ಒಪ್ಪಲೇಬೇಕು ಎಂದಲ್ಲ. ಒಪ್ಪದಿದ್ದರೂ ನಿಮ್ಮ ಲೆಕ್ಕ ಬರವಣಿಗೆಯಲ್ಲಿ ಅವರ ಬಳಿ ಇರುತ್ತದೆ. ಹೊಸ ಕಂಪನಿ ಈ ಹಣ ಭರಿಸುತ್ತದೆಯೇ ಎಂದು ಸೇರುವ ಮೊದಲೇ ಕೇಳಿ ನೋಡಿ, ಕೆಲವರು ಭರಿಸುತ್ತಾರೆ.

ಸರ್ಕಾರಿ ಬ್ಯಾಂಕ್ ಅಥವಾ ಸಾರ್ವಜನಿಕ ಉದ್ದಿಮೆಯಾದರೆ ಈ ಪಾಲಿನ ಲೆಕ್ಕಕ್ಕೆ ಬಲ ಕಡಿಮೆ, ವಿಜಯಾ ಬ್ಯಾಂಕ್ ತೀರ್ಪು ಎದುರಿಗಿದೆ. ಅಲ್ಲಿ ಬೇರೊಂದು ದಾರಿ ಹುಡುಕಿ. ಒಂದು ಸರ್ಕಾರಿ ಸಂಸ್ಥೆಯಿಂದ ಇನ್ನೊಂದಕ್ಕೆ, ಮೇಲಧಿಕಾರಿಗಳ ಮೂಲಕವೇ ಅರ್ಜಿ ಹಾಕಿ ಹೋಗುವವರಿಗೆ ಹಣ ವಸೂಲಿಯ ಬದಲು ಉಳಿದ ಅವಧಿಯ ಬಾಂಡನ್ನು ಹೊಸ ಕಚೇರಿಗೆ ವರ್ಗಾಯಿಸುವ ವ್ಯವಸ್ಥೆ ಹಲವೆಡೆ ಇದೆ. ಹಣ ಕಟ್ಟುವ ಮೊದಲು ಇದನ್ನು ವಿಚಾರಿಸಿ.

ಮೊದಲ ಪತ್ರ: ರಾಜೀನಾಮೆ

ಅನೇಕರು ಕೋಪದಲ್ಲೋ ತಪ್ಪಿತಸ್ಥ ಭಾವದಲ್ಲೋ ಬೇಡದ್ದನ್ನೆಲ್ಲ ಬರೆದುಬಿಡುತ್ತಾರೆ. "ನಾನು ಬಾಂಡ್ ಮುರಿಯುತ್ತಿದ್ದೇನೆ, ಕಂಪನಿಗೆ ಆಗುವ ನಷ್ಟಕ್ಕೆ ನಾನೇ ಹೊಣೆ, ಪೂರ್ತಿ ಹಣ ಕಟ್ಟುತ್ತೇನೆ" ಎಂದು ಬರೆದರೆ ನೀವೇ ಎಲ್ಲ ಒಪ್ಪಿಕೊಂಡ ಹಾಗೆ. ಸುಳ್ಳು ಕಾರಣವೂ ಬೇಡ. ಆರೋಗ್ಯ ಸರಿಯಿಲ್ಲ ಎಂದು ಬರೆದು ಮರುವಾರವೇ ಬೇರೆಡೆ ಸೇರಿದರೆ ಒಂದೇ ಪಿಎಫ್ ಯುಎಎನ್ ಸಂಖ್ಯೆಯಲ್ಲಿ ಅದು ಗೊತ್ತಾಗುತ್ತದೆ. 'ವೈಯಕ್ತಿಕ ಕಾರಣ' ಎಂದರೆ ಸಾಕು. ಪತ್ರ ಹೀಗಿರಬಹುದು:

"ಮಾನ್ಯರೇ, ನಾನು 1-7-2024ರಿಂದ ಟ್ರೈನಿ ಇಂಜಿನಿಯರ್ ಆಗಿ ಕೆಲಸ ಮಾಡುತ್ತಿದ್ದೇನೆ. ವೈಯಕ್ತಿಕ ಕಾರಣಗಳಿಂದ ಈ ಹುದ್ದೆಗೆ ರಾಜೀನಾಮೆ ಸಲ್ಲಿಸುತ್ತಿದ್ದೇನೆ. ನೇಮಕಾತಿ ಪತ್ರದಂತೆ ಒಂದು ತಿಂಗಳ ನೋಟಿಸ್ ಅವಧಿ ಪೂರೈಸುತ್ತೇನೆ. 31-10-2025 ನನ್ನ ಕೊನೆಯ ಕೆಲಸದ ದಿನವಾಗಿರುತ್ತದೆ. ನನ್ನ ಜವಾಬ್ದಾರಿಗಳನ್ನು ತಾವು ಸೂಚಿಸಿದವರಿಗೆ ಒಪ್ಪಿಸುತ್ತೇನೆ.

ನಾನು ಸಹಿ ಮಾಡಿರುವ ಸೇವಾ ಬಾಂಡ್‌ಗೆ ಸಂಬಂಧಿಸಿ, ನನ್ನ ತರಬೇತಿಗೆ ಆದ ವಾಸ್ತವ ಖರ್ಚಿನ ವಿವರ, ಪೂರೈಸಿದ ಅವಧಿಯನ್ನು ಕಳೆದು ಲೆಕ್ಕ ಹಾಕಿದ ಮೊತ್ತ ಮತ್ತು ಅದರ ಆಧಾರವನ್ನು ಲಿಖಿತವಾಗಿ ತಿಳಿಸಬೇಕಾಗಿ ಕೋರುತ್ತೇನೆ. ಈ ಪತ್ರದಲ್ಲಿರುವ ಯಾವುದನ್ನೂ ಬಾಂಡ್ ಮೊತ್ತಕ್ಕೆ ನನ್ನ ಒಪ್ಪಿಗೆ ಎಂದು ಭಾವಿಸಬಾರದು."

ಕೊನೆಯ ಎರಡು ವಾಕ್ಯಗಳಲ್ಲೇ ಪತ್ರದ ಜೀವ ಇದೆ. ಲೆಕ್ಕ ಕೇಳುವುದು ನೀವು ಓಡಿಹೋಗುತ್ತಿಲ್ಲ ಎಂದು ತೋರಿಸುತ್ತದೆ, ಒಪ್ಪಿಗೆಯಲ್ಲ ಎನ್ನುವುದು ನಿಮ್ಮ ಹಕ್ಕು ಉಳಿಸುತ್ತದೆ. ಇದನ್ನು ಇಮೇಲ್‌ನಲ್ಲಿ ಕಳಿಸಿ, ಪ್ರತಿಯನ್ನು ನಿಮ್ಮ ಸ್ವಂತ ಇಮೇಲ್‌ಗೂ ಹಾಕಿ. ಕೆಲಸ ಬಿಟ್ಟ ಮೇಲೆ ಕಂಪನಿಯ ಇಮೇಲ್ ತೆರೆಯಲು ಆಗುವುದಿಲ್ಲ. ಉತ್ತರ ಬಾರದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ.

ಎರಡನೇ ಪತ್ರ: ಹಣ ಕಟ್ಟುವಾಗ

ಪೂರ್ತಿ ಹಣ ಕಟ್ಟದೆ ರಿಲೀವಿಂಗ್ ಲೆಟರ್ ಇಲ್ಲ ಎಂದು ಕಂಪನಿ ಪಟ್ಟು ಹಿಡಿದರೆ, ಹೊಸ ಕೆಲಸ ಕೈತಪ್ಪದಿರಲಿ ಎಂದು ಕಟ್ಟಬೇಕಾಗಿ ಬರಬಹುದು. ಆಗ ವಿಜಯಾ ಬ್ಯಾಂಕ್ ಅಧಿಕಾರಿ ಮಾಡಿದ ಹಾಗೆ ಆಕ್ಷೇಪಣೆ ದಾಖಲಿಸಿ ಕಟ್ಟಿ. ಹಣ ಕಟ್ಟುವ ದಿನವೇ, ಕಟ್ಟುವ ಮೊದಲೇ ಈ ಇಮೇಲ್ ಹೋಗಿರಬೇಕು:

"ತಮ್ಮ ಇಮೇಲ್‌ನಲ್ಲಿ ಕೇಳಿರುವ 1,50,000 ರೂಪಾಯಿಯನ್ನು ಇಂದು ಕಂಪನಿಯ ಬ್ಯಾಂಕ್ ಖಾತೆಗೆ ಪಾವತಿಸುತ್ತಿದ್ದೇನೆ. ಈ ಮೊತ್ತದ ಬಗ್ಗೆ ನನ್ನ ಆಕ್ಷೇಪಣೆ ಇದೆ. ರಿಲೀವಿಂಗ್ ಲೆಟರ್ ಪಡೆಯುವ ಅಗತ್ಯದಿಂದ, ಆಕ್ಷೇಪಣೆಯನ್ನು ಉಳಿಸಿಕೊಂಡು, ನನ್ನ ಕಾನೂನು ಹಕ್ಕುಗಳಿಗೆ ಬಾಧೆ ಬಾರದಂತೆ ಪಾವತಿಸುತ್ತಿದ್ದೇನೆ. ದಯವಿಟ್ಟು ರಸೀದಿ, ರಿಲೀವಿಂಗ್ ಲೆಟರ್, ಅನುಭವ ಪತ್ರ, ರದ್ದುಪಡಿಸಿದ ಮೂಲ ಬಾಂಡ್, ನನ್ನ ಮೂಲ ಅಂಕಪಟ್ಟಿಗಳು ಹಾಗೂ ಭದ್ರತೆಗೆ ಕೊಟ್ಟಿದ್ದ ಚೆಕ್ ಅನ್ನು ಹಿಂದಿರುಗಿಸಿ. ಜಾಮೀನುದಾರರ ಹೊಣೆಯೂ ಇಲ್ಲಿಗೆ ಮುಗಿದಿದೆ ಎಂದು ಲಿಖಿತವಾಗಿ ತಿಳಿಸಿ."

ಇಂಗ್ಲಿಷ್‌ನಲ್ಲಿ ಬರೆಯುವುದಾದರೆ 'ಅಂಡರ್ ಪ್ರೊಟೆಸ್ಟ್', 'ವಿಥೌಟ್ ಪ್ರೆಜುಡಿಸ್' ಎಂಬ ಎರಡು ಪದಗುಚ್ಛ ಇರಲಿ. ಆದರೆ ಇವು ಹಣ ವಾಪಸ್ ತರುವ ಮಂತ್ರವಲ್ಲ. ಆ ಅಧಿಕಾರಿಗೆ ಕೋರ್ಟಿನ ಬಾಗಿಲು ತೆರೆದಿತ್ತು, ಕೊನೆಗೆ ತೀರ್ಪು ಅವರ ವಿರುದ್ಧವೇ ಬಂತು. ರಾಜಿಯಾಗಿ ಒಂದು ಮೊತ್ತಕ್ಕೆ ನೀವೇ ಒಪ್ಪಿದ್ದರೆ ಆಕ್ಷೇಪಣೆಯ ಮಾತು ಬೇಡ, "ಇದರಿಂದ ಎರಡೂ ಕಡೆಯ ಬಾಕಿ ತೀರಿದೆ" ಎಂದು ಬರೆಸಿಕೊಳ್ಳಿ.

ಎಲ್ಲರೂ ಎಡವುವ ಜಾಗ ಒಂದಿದೆ. ಕೊನೆಯ ದಿನ ಮುಂದಿಡುವ ಸೆಟಲ್‌ಮೆಂಟ್ ಹಾಳೆಯಲ್ಲಿ "ಸ್ವಇಚ್ಛೆಯಿಂದ ಪಾವತಿಸಿದ್ದೇನೆ, ಮುಂದೆ ಯಾವ ಹಕ್ಕೂ ಕೇಳುವುದಿಲ್ಲ" ಎಂಬ ಸಾಲು ಇರಬಹುದು. ಅದಕ್ಕೆ ಸಹಿ ಹಾಕಿದರೆ ಬೆಳಿಗ್ಗೆ ಕಳಿಸಿದ ಆಕ್ಷೇಪಣೆಯ ಬಲ ಸಂಜೆಗೆ ಹೋಯಿತು. ಸಹಿ ಹಾಕಲೇಬೇಕಾದರೆ ಪಕ್ಕದಲ್ಲಿ "ಇಂದಿನ ಇಮೇಲ್‌ನ ಆಕ್ಷೇಪಣೆಗೆ ಒಳಪಟ್ಟು" ಎಂದು ಕೈಯಲ್ಲಿ ಬರೆದು, ಫೋಟೊ ತೆಗೆದುಕೊಳ್ಳಿ.

ನಗದು ಕೊಡಬೇಡಿ. ಬ್ಯಾಂಕ್ ಮೂಲಕ, ಕಂಪನಿಯ ಹೆಸರಿನ ಖಾತೆಗೇ ಹೋಗಲಿ, ಮ್ಯಾನೇಜರ್‌ನ ಫೋನ್ ನಂಬರಿಗಲ್ಲ. ಪಿಎಫ್ ಹಣ ನಿಮ್ಮದು, ಬಾಂಡ್ ಬಾಕಿಗೆ ಅದನ್ನು ಹಿಡಿಯುವಂತಿಲ್ಲ.

ಊರಲ್ಲೇ ಯಾರನ್ನು ಕೇಳುವುದು?

ನೋಟಿಸ್ ಬಂದಾಗ ನೇರವಾಗಿ ಬೆಂಗಳೂರಿಗೆ ಓಡಬೇಕಿಲ್ಲ. ತಾಲ್ಲೂಕು ನ್ಯಾಯಾಲಯಗಳ ಆವರಣದಲ್ಲಿ ತಾಲ್ಲೂಕು ಕಾನೂನು ಸೇವೆಗಳ ಸಮಿತಿ ಇರುತ್ತದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ವಕೀಲರ ನೆರವು ಸಿಗುತ್ತದೆ, ಉಳಿದ ಹಲವರಿಗೆ ಆದಾಯ ಮಿತಿ ಇದೆ. 15100 ಸಂಖ್ಯೆಗೆ ಕರೆ ಮಾಡಿಯೂ ಕೇಳಬಹುದು. ಹೋಗುವಾಗ ಬಾಂಡ್ ಪ್ರತಿ, ನೇಮಕಾತಿ ಪತ್ರ, ಸಂಬಳದ ಚೀಟಿ, ಇಮೇಲ್‌ಗಳ ಮುದ್ರಿತ ಪ್ರತಿ ಒಯ್ಯಿರಿ. ಬಾಂಡ್ ಪ್ರತಿಯೇ ನಿಮ್ಮ ಬಳಿ ಇಲ್ಲವೇ? ಹಾಗಾದರೆ ರಾಜೀನಾಮೆಗೂ ಮೊದಲು ಎಚ್‌ಆರ್‌ಗೆ ಇಮೇಲ್ ಮಾಡಿ ಅದನ್ನು ಕೇಳಿ.

ಕೊನೆಗೆ ನಿಜ ಯಾವುದು?

'ಬಾಂಡ್ ಮುರಿದರೆ ಜೈಲು' ಎಂಬುದು ಸುಳ್ಳು. 'ಬಾಂಡ್‌ಗೆ ಬೆಲೆಯೇ ಇಲ್ಲ' ಎಂಬುದೂ ಸುಳ್ಳು. ಸುಪ್ರೀಂ ಕೋರ್ಟ್ 2025ರಲ್ಲಿ ಎತ್ತಿಹಿಡಿದದ್ದು ಒಂದು ಸರ್ಕಾರಿ ಬ್ಯಾಂಕ್, ಒಬ್ಬ ಹಿರಿಯ ಅಧಿಕಾರಿಗೆ ಹಾಕಿದ, ಅವರ ಸಂಬಳಕ್ಕೆ ಹೊರೆಯಾಗದ ಮೊತ್ತವನ್ನು. ಖಾಸಗಿ ಕಂಪನಿಯ ಬಾಂಡ್‌ನಲ್ಲಿ ಬರೆದ ಮೊತ್ತ ಗರಿಷ್ಠ ಮಿತಿಯಷ್ಟೇ. ಒಡವೆ ಅಡವಿಡುವ ಮೊದಲು ಒಂದು ಇಮೇಲ್ ಬರೆದು ಲೆಕ್ಕ ಕೇಳಿ. ಈ ಎರಡು ಸಂದೇಶಗಳಲ್ಲಿ ಯಾವುದಾದರೂ ನಿಮ್ಮ ಮನೆಯ ಗ್ರೂಪಿಗೆ ಬಂದಿದ್ದರೆ, ಅದರ ಕೆಳಗೆ ಇದನ್ನೂ ಹಾಕಿ.